ಒಂದು ಬ್ಯಾಚ್ ಚಟ್ನಿಪುಡಿ ವಾಪಸ್ ಕರೆಸಬೇಕು: ಪ್ರಕಟಣೆ ಬರೆಯುವುದು ಹೇಗೆ?

ತುಮಕೂರಿನ ಸುತ್ತಮುತ್ತ ಚಟ್ನಿಪುಡಿ, ಹುರಿಹಿಟ್ಟು, ನಿಪ್ಪಟ್ಟು, ಚಿಕ್ಕಿ ಪ್ಯಾಕ್ ಮಾಡುವ ಸಣ್ಣ ಘಟಕಗಳು ಬೇಕಾದಷ್ಟಿವೆ. ಅಂಥ ಕೆಲವು ಘಟಕಗಳಿಗೆ ಲೇಬಲ್ ಬರೆದುಕೊಡುವುದು ನನ್ನ ಕೆಲಸ. ಲೇಬಲ್ ಬರೆಯುವವನ ಹತ್ತಿರವೇ ಒಂದು ದಿನ ಇನ್ನೊಂದು ಕೆಲಸವೂ ಬರುತ್ತದೆ. "ಒಂದು ಬ್ಯಾಚ್ ವಾಪಸ್ ತರಿಸಬೇಕು, ಜನರಿಗೆ ಒಂದು ಪ್ರಕಟಣೆ ಬರೆದುಕೊಡಿ, ಆದ್ರೆ ಯಾರೂ ಗಾಬರಿ ಆಗಬಾರದು" ಅಂತ ಫೋನ್ ಬರುತ್ತದೆ.

ಮಾಲು ವಾಪಸ್ ಕರೆಸಲು ಕಾರಣಗಳು ಹಲವು. ಇಲ್ಲಿ ಒಂದನ್ನೇ ತೆಗೆದುಕೊಳ್ಳುತ್ತೇನೆ: ಲೇಬಲ್ ಮೇಲೆ ಇಲ್ಲದ ಕಡಲೇಬೀಜ ಪ್ಯಾಕೆಟ್ ಒಳಗೆ ಸೇರಿಕೊಂಡಿದೆ. ಸಣ್ಣ ಘಟಕದಲ್ಲಿ ಇದು ಸುಲಭವಾಗಿ ಆಗುವ ತಪ್ಪು. ಇದರ ಬಗ್ಗೆ ಬರೆಯುವುದು ಕಷ್ಟವೂ ಹೌದು. ಮಾಲು ಕೆಟ್ಟಿಲ್ಲ, ಹುಳ ಬಿದ್ದಿಲ್ಲ. ನೂರು ಜನ ತಿಂದರೂ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಕಡಲೇಬೀಜ ಒಗ್ಗದ ಒಬ್ಬರು ತಿಂದರೆ ಅವರ ಜೀವಕ್ಕೇ ಅಪಾಯ ಬರಬಹುದು. ಆ ಒಬ್ಬರಿಗೆ ಗಟ್ಟಿಯಾಗಿ, ಉಳಿದವರಿಗೆ ಮೆಲ್ಲಗೆ, ಎರಡನ್ನೂ ಒಂದೇ ಹಾಳೆಯಲ್ಲಿ ಹೇಳಬೇಕು.

ಒಂದು ಉದಾಹರಣೆ

ಇದು ನಾನೇ ಕಟ್ಟಿದ ಉದಾಹರಣೆ. ಅಂಕಿಗಳು ಬರೀ ಲೆಕ್ಕಕ್ಕೆ.

2025ರ ಏಪ್ರಿಲ್ 24. ಘಟಕದಲ್ಲಿ ಬೆಳಿಗ್ಗೆ ಶೇಂಗಾ ಚಟ್ನಿಪುಡಿ ಪ್ಯಾಕ್ ಆಗುತ್ತಿತ್ತು. ಮಧ್ಯಾಹ್ನ ಅದೇ ಮೆಷಿನ್‌ನಲ್ಲಿ ಕೊಬ್ಬರಿ ಚಟ್ನಿಪುಡಿ ಹಾಕಬೇಕು. ಹುಡುಗರು ಪ್ಯಾಕೆಟ್ ರೋಲ್ ಬದಲಾಯಿಸಿದರು, ಬ್ಯಾಚ್ ನಂಬರ್ ಬದಲಾಯಿಸಿದರು. ಆದರೆ ಮೆಷಿನ್ ಮೇಲೆ ಪುಡಿ ಸುರಿಯುವ ಹಾಪರ್‌ನಲ್ಲಿ ಉಳಿದಿದ್ದ ಶೇಂಗಾ ಪುಡಿಯನ್ನು ಖಾಲಿ ಮಾಡಲಿಲ್ಲ. ಅಷ್ಟೂ ಪುಡಿ ಕೊಬ್ಬರಿ ಪ್ಯಾಕೆಟ್‌ಗೆ ಇಳಿಯಿತು. ಹಾಪರ್ ತೊಳೆಯದೆ ಅದರ ಹಿಂದೆಯೇ ಕೊಬ್ಬರಿ ಪುಡಿ ಸುರಿದರು.

ಮೇ 2ರಂದು ಗುಬ್ಬಿಯ ಗಿರಾಕಿಯೊಬ್ಬರು ಫೋನ್ ಮಾಡಿ, "ಕೊಬ್ಬರಿ ಪುಡಿ ಅಂತ ತಂದ್ರೆ ಬರೀ ಕಡ್ಲೆಬೀಜದ ರುಚಿ ಬರ್ತಿದೆಯಲ್ರೀ" ಎಂದರು. ಎಲ್ಲವೂ ಶುರುವಾಗಿದ್ದು ಅಲ್ಲಿಂದ.

ಬರೆಯುವ ಮುಂಚೆ ತೂಕದ ಲೆಕ್ಕ

ಫೋನ್ ಬಂದ ಕೂಡಲೇ ಬರೆಯಲು ಕೂರಬೇಡಿ. ಮೊದಲು ಗೋಡೌನಿನಲ್ಲಿ ಆ ಬ್ಯಾಚಿನ ಮಾಲು ಹೊರಗೆ ಹೋಗದಂತೆ ತಡೆಯಿರಿ. ಆಮೇಲೆ ಬುಕ್ ತೆಗೆಯಿರಿ.

ಹೆಚ್ಚಿನವರು ಮೊದಲು ಎತ್ತಿಟ್ಟ ಸ್ಯಾಂಪಲ್ ತೆಗೆದು ರುಚಿ ನೋಡುತ್ತಾರೆ. ಸ್ಯಾಂಪಲ್ ಚೆನ್ನಾಗಿಯೇ ಇರುತ್ತದೆ. ಯಾಕಂದರೆ ಅದನ್ನು ಎತ್ತಿಟ್ಟಿದ್ದು ಬ್ಯಾಚಿನ ನಡುವೆ, ತಪ್ಪಾಗಿದ್ದು ಶುರುವಿನಲ್ಲಿ. "ನಮ್ಮದೇನೂ ತಪ್ಪಿಲ್ಲ" ಅಂತ ಗಿರಾಕಿಗೆ ಹೇಳಿ ಫೋನ್ ಇಟ್ಟವರನ್ನು ಕಂಡಿದ್ದೇನೆ.

ನಂಬಬೇಕಾದ್ದು ತೂಕದ ಲೆಕ್ಕವನ್ನು. ಆ ದಿನ ಶೇಂಗಾ ಪುಡಿ ತಯಾರಾಗಿದ್ದು 150 ಕೆಜಿ. ಶೇಂಗಾ ಪ್ಯಾಕೆಟ್‌ಗೆ ಹೋಗಿದ್ದು 126 ಕೆಜಿ. ಉಳಿದ 24 ಕೆಜಿ ಎಲ್ಲಿ? ಡಬ್ಬದಲ್ಲಿ ಇಲ್ಲ, ಕಸಕ್ಕೂ ಹೋಗಿಲ್ಲ. 200 ಗ್ರಾಂ ಪ್ಯಾಕೆಟ್ ಲೆಕ್ಕದಲ್ಲಿ 24 ಕೆಜಿ ಅಂದರೆ 120 ಪ್ಯಾಕೆಟ್. ಅದೇ ದಿನ ಕೊಬ್ಬರಿ ಪ್ಯಾಕೆಟ್ ಲೆಕ್ಕಕ್ಕಿಂತ 120 ಜಾಸ್ತಿ ಬಂದಿದ್ದರೆ ಉತ್ತರ ಸಿಕ್ಕಿತು. ಲ್ಯಾಬ್ ವರದಿ ಬರಲಿ ಅಂತ ಕಾಯುವ ಅಗತ್ಯವಿಲ್ಲ.

ಹಾಗಾದರೆ 120 ಪ್ಯಾಕೆಟ್ ಮಾತ್ರ ವಾಪಸ್ ತರಿಸಿದರೆ ಸಾಕಲ್ವಾ? ಮಾಲೀಕರು ಕೇಳಿಯೇ ಕೇಳುತ್ತಾರೆ. ಸಾಲದು. ಹೊರಗಿನಿಂದ ನೋಡಿದರೆ ಎಲ್ಲ ಪ್ಯಾಕೆಟ್ ಒಂದೇ ಥರ. ಪ್ಯಾಕ್ ಆದ ಗಂಟೆ–ನಿಮಿಷವನ್ನು ಪ್ಯಾಕೆಟ್ ಮೇಲೆ ಹೊಡೆದಿದ್ದರೂ ಉಪಯೋಗವಿಲ್ಲ. ತೊಳೆಯದ ಹಾಪರ್‌ನಲ್ಲಿ ಅಂಟಿಕೊಂಡಿದ್ದ ಪುಡಿ ಆಮೇಲೆ ಬಂದ ಯಾವ ಪ್ಯಾಕೆಟ್‌ಗೆ ಎಷ್ಟು ಇಳಿಯಿತು ಅಂತ ಯಾರೂ ಹೇಳಲಾರರು. ಅಲರ್ಜಿ ಇರುವ ಕೆಲವರಿಗೆ ಚೂರೇ ಚೂರು ಸಾಕು. ಆದ್ದರಿಂದ ಇಡೀ ಬ್ಯಾಚ್ ವಾಪಸ್ ಬರಬೇಕು: 1,920 ಪ್ಯಾಕೆಟ್, 24ರಂತೆ 80 ಬಾಕ್ಸ್.

ಇನ್ನೊಂದು ಪ್ರಶ್ನೆಯನ್ನೂ ಇಲ್ಲೇ ಮುಗಿಸಿಕೊಳ್ಳಿ. ಮರುದಿನದ ಬ್ಯಾಚ್‌ಗೆ ಮುಂಚೆ ಮೆಷಿನ್ ತೊಳೆದಿದ್ದರಾ? ತೊಳೆದ ಬಗ್ಗೆ ಬುಕ್ಕಿನಲ್ಲಿ ಸಹಿ ಇದ್ದರೆ ಒಂದೇ ಬ್ಯಾಚ್. ಇಲ್ಲದಿದ್ದರೆ ಎರಡು. "ಒಂದೇ ಬ್ಯಾಚ್" ಅಂತ ಬರೆದು, ನಾಲ್ಕು ದಿನ ಬಿಟ್ಟು ಇನ್ನೊಂದನ್ನು ಸೇರಿಸಿದರೆ ನಿಮ್ಮ ಮೊದಲ ಮಾತನ್ನೂ ಯಾರೂ ನಂಬುವುದಿಲ್ಲ.

ಮಾಲು ಎಲ್ಲಿದೆ ಅಂತಲೂ ನೋಡಬೇಕು. ನಮ್ಮ ಉದಾಹರಣೆಯಲ್ಲಿ 22 ಬಾಕ್ಸ್ ಗೋಡೌನಿನಲ್ಲೇ ಇವೆ. 31 ಮಂಡಿಪೇಟೆಯ ಹೋಲ್‌ಸೇಲ್ ಅಂಗಡಿಗೆ, 15 ಗುಬ್ಬಿ–ತಿಪಟೂರು ಕಡೆಯ ಅಂಗಡಿಗಳಿಗೆ ಮಾಲು ಹಾಕುವ ವ್ಯಾನಿನ ಲೈನಿಗೆ, 12 ಶಿರಾ–ಪಾವಗಡ ಲೈನಿಗೆ ಹೋಗಿವೆ. ಮಂಡಿಪೇಟೆಯಲ್ಲಿ ಇನ್ನೂ 19 ಹಾಗೇ ಇವೆ. ಅಂದರೆ ಅಂಗಡಿಗಳಲ್ಲಿ, ಮನೆಗಳಲ್ಲಿ ಇರುವುದು 39 ಬಾಕ್ಸ್, 936 ಪ್ಯಾಕೆಟ್. ಪ್ರಕಟಣೆ ಯಾವ ಊರಿಗೆ, ಯಾವ ಭಾಷೆಯಲ್ಲಿ ಹೋಗಬೇಕು ಅನ್ನುವುದನ್ನು ಈ ಲೆಕ್ಕವೇ ಹೇಳುತ್ತದೆ.

ಇಲಾಖೆಗೆ ತಿಳಿಸುವುದು

2017ರ ಆಹಾರ ಹಿಂಪಡೆಯುವ ನಿಯಮಗಳ ಪ್ರಕಾರ, ವಾಪಸ್ ಕರೆಸುವ ಕೆಲಸ ಶುರು ಮಾಡಿದ 24 ಗಂಟೆಯೊಳಗೆ ಎಫ್‌ಎಸ್‌ಎಸ್‌ಎಐಗೆ ಮತ್ತು ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತಿಳಿಸಬೇಕು. ಜಿಲ್ಲೆಯಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಅಂಕಿತಾಧಿಕಾರಿಗಳ ಕಚೇರಿಗೆ ಮೊದಲೇ ಒಂದು ಫೋನ್ ಮಾಡಿಬಿಡಿ. ಸಾರ್ವಜನಿಕ ಪ್ರಕಟಣೆ ನೋಡಿ ಅವರಿಗೆ ಗೊತ್ತಾಗುವ ಹಾಗೆ ಆಗಬಾರದು. ಅವರಿಗೆ ಕೊಡುವ ಬ್ಯಾಚ್ ನಂಬರ್, ತಾರೀಖು, ಕಾರಣ, ಜನರಿಗೆ ಕೊಡುವ ಬ್ಯಾಚ್ ನಂಬರ್, ತಾರೀಖು, ಕಾರಣ ಒಂದೇ ಆಗಿರಲಿ.

"ಕಡಲೆ" ಅನ್ನುವ ಒಂದು ಪದ

ನನ್ನ ಅತಿ ದೊಡ್ಡ ತಪ್ಪು ಇಲ್ಲೇ ಆಗಿದ್ದು. ಮೊದಲ ಸಲ ಇಂಥ ಪ್ರಕಟಣೆ ಬರೆದಾಗ "ಈ ಬ್ಯಾಚಿನಲ್ಲಿ ಕಡಲೆ ಅಂಶ ಸೇರಿದೆ" ಎಂದು ಬರೆದಿದ್ದೆ. ಜನ ಫೋನ್ ಮಾಡಿ, "ಚಟ್ನಿಪುಡಿಗೆ ಕಡಲೆ ಹಾಕೇ ಹಾಕ್ತಾರಲ್ಲ, ಅದರಲ್ಲೇನು ವಿಶೇಷ?" ಎಂದು ಕೇಳಿದರು. ಅವರು ಅಂದುಕೊಂಡಿದ್ದು ಹುರಿಗಡಲೆ. ಕೊಬ್ಬರಿ ಚಟ್ನಿಪುಡಿಯ ಲೇಬಲ್ ಮೇಲೂ ಹುರಿಗಡಲೆ ಅಂತಲೇ ಇತ್ತು. ಓದಿದವರಿಗೆ ನನ್ನ ಎಚ್ಚರಿಕೆ ತಲುಪಲೇ ಇಲ್ಲ.

ಬರೀ "ಕಡಲೆ" ಅಂತ ಯಾವತ್ತೂ ಬರೆಯಬೇಡಿ. ತುಮಕೂರು ಕಡೆ ಕಡಲೇಬೀಜ, ಕಡ್ಲೆಕಾಯಿ ಅನ್ನುತ್ತಾರೆ. ಶಿರಾ, ಪಾವಗಡದ ಕಡೆ ಶೇಂಗಾ ಅನ್ನುವವರೂ ಇದ್ದಾರೆ. ಪಾವಗಡದಲ್ಲಿ ಮನೆಮಾತು ತೆಲುಗು ಆದವರು ಬಹಳ. ಅವರಿಗೆ ಅದು ಶೆನಕ್ಕಾಯ, ಇಲ್ಲವೇ ಪಲ್ಲಿ. ಕೋಲಾರ, ಬಾಗೇಪಲ್ಲಿ ಕಡೆ ಮಾಲು ಹೋಗಿದ್ದರೂ ಇದೇ ಕಥೆ. ಮೊದಲ ಸಲ ಹೇಳುವಾಗ "ಕಡಲೇಬೀಜ (ಶೇಂಗಾ, ಪಲ್ಲಿ)" ಎಂದು ಬರೆಯಿರಿ. ಕೆಳಗೆ ಒಂದು ಸಾಲು ಸೇರಿಸಿ: "ಇದು ಹುರಿಗಡಲೆ ಅಲ್ಲ." ಆ ಒಂದು ಸಾಲಿನಿಂದ ಅರ್ಧ ಫೋನ್ ಕರೆ ತಪ್ಪುತ್ತವೆ.

ಬರೆದ ಪ್ರಕಟಣೆ ಹೀಗಿರುತ್ತದೆ

ಬ್ರಾಂಡ್ ಹೆಸರು, ಫೋನ್ ನಂಬರ್ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

> ಕಡಲೇಬೀಜ (ಶೇಂಗಾ, ಪಲ್ಲಿ) ಅಲರ್ಜಿ ಇರುವವರು ಈ ಪ್ಯಾಕೆಟ್ ತಿನ್ನಬೇಡಿ
>
> ……… ಕೊಬ್ಬರಿ ಚಟ್ನಿಪುಡಿ, 200 ಗ್ರಾಂ
> ಬ್ಯಾಚ್ ನಂಬರ್: KC114
> ಪ್ಯಾಕ್ ಮಾಡಿದ ದಿನ: 24/04/2025
>
> ಈ ಒಂದು ಬ್ಯಾಚನ್ನು ನಾವು ವಾಪಸ್ ಪಡೆಯುತ್ತಿದ್ದೇವೆ. ಪ್ಯಾಕ್ ಮಾಡುವಾಗ ನಮ್ಮ ತಪ್ಪಿನಿಂದ ಇದರಲ್ಲಿ ಕಡಲೇಬೀಜದ ಪುಡಿ ಸೇರಿದೆ. ಲೇಬಲ್ ಮೇಲೆ ಅದು ಬರೆದಿಲ್ಲ. ಇದು ಹುರಿಗಡಲೆ ಅಲ್ಲ.
>
> ಕಡಲೇಬೀಜ ತಿಂದು ಅಭ್ಯಾಸ ಇದ್ದು, ಏನೂ ತೊಂದರೆ ಆಗದವರಿಗೆ ಇದರಿಂದ ಅಪಾಯವಿಲ್ಲ. ಈಗಾಗಲೇ ತಿಂದಿದ್ದರೆ ಅವರು ಹೆದರಬೇಕಾಗಿಲ್ಲ.
>
> ಅಲರ್ಜಿ ಇರುವವರು ತಿಂದ ಮೇಲೆ ತುಟಿ, ಮುಖ ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ, ವಾಂತಿ ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಉಸಿರಾಟಕ್ಕೆ ಕಷ್ಟವಾದರೆ, ತಲೆ ಸುತ್ತಿ ಬಂದರೆ 108ಕ್ಕೆ ಫೋನ್ ಮಾಡಿ.
>
> ಪ್ಯಾಕೆಟ್ ಇದ್ದರೆ ಕೊಂಡ ಅಂಗಡಿಗೆ ಕೊಡಿ. ಒಡೆದಿದ್ದರೂ ಪರವಾಗಿಲ್ಲ, ಬಿಲ್ ಬೇಡ. ಪೂರ್ತಿ ಹಣ ವಾಪಸ್ ಕೊಡುತ್ತಾರೆ.
>
> ಡಬ್ಬಕ್ಕೆ ಸುರಿದು ಪ್ಯಾಕೆಟ್ ಬಿಸಾಕಿದ್ದೀರಾ? ಏಪ್ರಿಲ್ 24ರ ನಂತರ ಕೊಂಡಿದ್ದಾದರೆ, ಅಲರ್ಜಿ ಇರುವವರು ಆ ಡಬ್ಬದ ಪುಡಿ ತಿನ್ನಬೇಡಿ. ಡಬ್ಬ, ಚಮಚ ಸೋಪು ಹಾಕಿ ತೊಳೆಯಿರಿ.
>
> ನಮ್ಮ ಬೇರೆ ಬ್ಯಾಚ್‌ಗಳಲ್ಲಿ ಈ ತೊಂದರೆ ಇಲ್ಲ. ವಿಚಾರಿಸಲು: ……… (ಬೆಳಿಗ್ಗೆ 7ರಿಂದ ರಾತ್ರಿ 10)
>
> ಪ್ರಕಟಣೆಯ ದಿನ: 3 ಮೇ 2025, ಬೆಳಿಗ್ಗೆ 9 ಗಂಟೆ

ಈಗ ಇದನ್ನು ಯಾಕೆ ಹೀಗೆ ಬರೆದೆ ಅಂತ ನೋಡೋಣ.

ತಲೆಬರಹದಲ್ಲಿ "ಪ್ರಮುಖ ಪ್ರಕಟಣೆ" ಅಂತ ಹಾಕಿಲ್ಲ. ಅದನ್ನು ಓದಿ ಯಾರಿಗೂ ಏನೂ ತಿಳಿಯುವುದಿಲ್ಲ. ಕರೆಂಟ್ ಹೋಗುವುದಕ್ಕೂ ಅದೇ ತಲೆಬರಹ. ಮೊದಲ ಸಾಲಿನಲ್ಲೇ ಯಾರು ಎಚ್ಚರವಾಗಿರಬೇಕು ಅಂತ ಹೇಳಿದರೆ, ಅಲರ್ಜಿ ಇರುವ ಮಗುವಿನ ತಾಯಿ ಅಲ್ಲೇ ನಿಂತು ಓದುತ್ತಾಳೆ. ಉಳಿದವರು ಸಮಾಧಾನದಿಂದ ಮುಂದೆ ಹೋಗುತ್ತಾರೆ.

"ನಮ್ಮ ತಪ್ಪಿನಿಂದ" ಅನ್ನುವ ಮಾತಿಗೆ ಮಾಲೀಕರು ಗಲಾಟೆ ಮಾಡುತ್ತಾರೆ. "ತಾಂತ್ರಿಕ ಕಾರಣಗಳಿಂದ" ಅಂತ ಹಾಕಿ ಅನ್ನುತ್ತಾರೆ. ಅದನ್ನು ಹಾಕಿದರೆ ಜನ ಆ ಖಾಲಿ ಜಾಗವನ್ನು ತಾವೇ ತುಂಬಿಕೊಳ್ಳುತ್ತಾರೆ. ಇಲಿ ಬಿದ್ದಿತ್ತಂತೆ, ಔಷಧಿ ಸೇರಿತ್ತಂತೆ ಅಂತ ಸಂಜೆಯೊಳಗೆ ಸುದ್ದಿ ಹಬ್ಬುತ್ತದೆ. ಕಡಲೇಬೀಜ ಅಂತ ಬಾಯಿಬಿಟ್ಟು ಹೇಳಿದರೆ ಅದಕ್ಕಿಂತ ಕಡಿಮೆ ಹೆದರಿಕೆ. ಮನೆಯಲ್ಲಿ ದಿನಾ ತಿನ್ನುವ ವಸ್ತು ತಾನೇ!

"ಅಪಾಯವಿಲ್ಲ" ಎಂಬ ಸಾಲಿನ ಅಳತೆ ನೋಡಿ. "ಯಾರಿಗೂ ತೊಂದರೆ ಇಲ್ಲ" ಅಂದರೆ ಸುಳ್ಳು. "ಆರೋಗ್ಯವಂತರಿಗೆ ತೊಂದರೆ ಇಲ್ಲ" ಅಂದರೂ ತಪ್ಪೇ. ಅಲರ್ಜಿ ಇರುವವರೂ ಬೇರೆಲ್ಲ ರೀತಿಯಲ್ಲಿ ಆರೋಗ್ಯವಾಗಿಯೇ ಇರುತ್ತಾರೆ. ಅದಕ್ಕೇ ಕಡಲೇಬೀಜ ತಿಂದು ಅಭ್ಯಾಸ ಇರುವವರಿಗೆ ಅಂತ ಗೆರೆ ಎಳೆದಿದ್ದು. ಇನ್ನೂ ಕಡಲೇಬೀಜದ ರುಚಿಯನ್ನೇ ನೋಡದ ಪುಟ್ಟ ಮಗು ಈ ಗೆರೆಯ ಒಳಗೆ ಬರುವುದಿಲ್ಲ.

120 ಪ್ಯಾಕೆಟ್ ಅನ್ನುವ ಅಂಕಿಯನ್ನು ನಾನು ಬೇಕೆಂತಲೇ ಬಿಟ್ಟಿದ್ದೇನೆ. ಅಂಕಿ ನಿಜವೇ. ಆದರೆ "1,920ರಲ್ಲಿ 120 ಮಾತ್ರ" ಅಂತ ಓದಿದವರು ತಮ್ಮದು ಅದರಲ್ಲಿ ಇರಲಾರದು ಅಂದುಕೊಂಡು ಸುಮ್ನೆ ಇದ್ದುಬಿಡುತ್ತಾರೆ. ಇಲಾಖೆಗೆ ಕೊಡುವ ವಿವರದಲ್ಲಿ ಅದು ಇರಲೇಬೇಕು. ಪತ್ರಿಕೆಯವರು ಕೇಳಿದರೆ ಹೇಳಿ.

ಇನ್ನು ಡಬ್ಬದ ವಿಷಯ. ಬೇರೆ ಕಡೆಯ ಪ್ರಕಟಣೆಗಳನ್ನು ನೋಡಿ ಬರೆದರೆ ಇದು ಬಿಟ್ಟುಹೋಗುತ್ತದೆ. ನಮ್ಮಲ್ಲಿ ಚಟ್ನಿಪುಡಿ ಪ್ಯಾಕೆಟ್‌ನಲ್ಲಿ ಎಷ್ಟು ಹೊತ್ತು ಇರುತ್ತದೆ? ತಂದ ದಿನವೇ ಸ್ಟೀಲ್ ಡಬ್ಬಕ್ಕೆ ಹೋಗುತ್ತದೆ, ಅದೂ ಹಳೇ ಪುಡಿಯ ಮೇಲೆಯೇ. ಕವರ್ ಒಲೆಗೋ ಕಸಕ್ಕೋ. ಅಂಥವರ ಹತ್ತಿರ ಬ್ಯಾಚ್ ನಂಬರ್ ಕೇಳಿದರೆ ಎಲ್ಲಿಂದ ತರುತ್ತಾರೆ? ಹಾಸ್ಟೆಲ್, ಮೆಸ್, ಸಣ್ಣ ಹೋಟೆಲ್‌ಗಳಲ್ಲಂತೂ ಪುಡಿಯನ್ನು ಟೇಬಲ್ ಮೇಲಿನ ಬಟ್ಟಲಿಗೆ ಸುರಿದಿರುತ್ತಾರೆ. ಆ ಜಾಗಗಳಿಗೆ ಪ್ರಕಟಣೆ ಸಾಲದು. ಲೈನ್ ವ್ಯಾನಿನವನ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಬೇಕು. ರುಚಿ ನೋಡಿ ಕಂಡುಹಿಡಿಯಿರಿ ಅಂತ ಮಾತ್ರ ಯಾರಿಗೂ ಹೇಳಬೇಡಿ. ಖಾರ, ಬೆಳ್ಳುಳ್ಳಿ, ಹುಣಸೆಹಣ್ಣಿನ ನಡುವೆ ಸ್ವಲ್ಪ ಕಡಲೇಬೀಜ ನಾಲಿಗೆಗೆ ಸಿಗುವುದಿಲ್ಲ. ಅಲರ್ಜಿ ಇರುವವರು ರುಚಿ ನೋಡುವುದೇ ಅಪಾಯ.

ನಂಬರ್, ಫೋಟೋ, ತಾರೀಖು

ಬ್ಯಾಚ್ ನಂಬರನ್ನು ಕಚೇರಿಯ ಬುಕ್ಕಿನಿಂದ ನಕಲು ಮಾಡಬೇಡಿ, ಪ್ಯಾಕೆಟ್ ಕೈಯಲ್ಲಿ ಹಿಡಿದು ನೋಡಿ ಬರೆಯಿರಿ. ಬುಕ್ಕಿನಲ್ಲಿ KC-114/25 ಅಂತ ಇರುತ್ತದೆ, ಪ್ಯಾಕೆಟ್ ಮೇಲೆ KC114 ಅಂತ ಇರುತ್ತದೆ. ಅಷ್ಟು ವ್ಯತ್ಯಾಸ ಸಾಕು, ಗಿರಾಕಿ "ನಮ್ಮದಲ್ಲ" ಅಂದುಕೊಳ್ಳುತ್ತಾನೆ. ಇಲ್ಲಿ 114 ಅಂದರೆ ವರ್ಷದ 114ನೇ ದಿನ, ಏಪ್ರಿಲ್ 24. ಅದು ನಿಮಗೆ ಗೊತ್ತು, ಗಿರಾಕಿಗೆ ಗೊತ್ತಿರಬೇಕಾಗಿಲ್ಲ. ಅದಕ್ಕೇ ತಾರೀಖನ್ನು ಪ್ರತ್ಯೇಕವಾಗಿ ಬರೆಯಬೇಕು. ಪ್ಯಾಕ್ ಮಾಡಿದ ದಿನವೋ, ಬಳಸಬೇಕಾದ ಕೊನೆಯ ದಿನವೋ ಅಂತ ಬಿಡಿಸಿ ಹೇಳಬೇಕು.

ಪ್ಯಾಕೆಟ್‌ನ ಹಿಂಬದಿಯ ಫೋಟೋ ತೆಗೆದು, ನಂಬರ್ ಇರುವ ಜಾಗಕ್ಕೆ ಒಂದು ಸುತ್ತು ಹಾಕಿ. ಫೋಟೋದಲ್ಲೇ ಬ್ಯಾಚ್ ನಂಬರ್ ಮತ್ತು ಪ್ರಕಟಣೆಯ ದಿನ ಬರಲಿ. ವಾಟ್ಸಾಪ್‌ನಲ್ಲಿ ಫೋಟೋ ಒಂದು ಕಡೆ, ಕೆಳಗಿನ ಬರಹ ಇನ್ನೊಂದು ಕಡೆ ಹೋಗುತ್ತದೆ. ತಾರೀಖಿಲ್ಲದ ಫೋಟೋ ಎರಡು ವರ್ಷ ಬಿಟ್ಟು ಮತ್ತೆ ಬರುತ್ತದೆ. ಆಗ ಒಳ್ಳೇ ಮಾಲನ್ನೂ ಯಾರೂ ಮುಟ್ಟುವುದಿಲ್ಲ. ಕೆಂಪು ಬಣ್ಣ, ತಲೆಬುರುಡೆ ಚಿತ್ರ ಬೇಡ. ಬ್ರಾಂಡಿನ ಜಾಹೀರಾತು, "ಪರಿಶುದ್ಧತೆಗೆ ಮತ್ತೊಂದು ಹೆಸರು" ಥರದ ಮಾತಂತೂ ಬೇಡವೇ ಬೇಡ.

ಪಾವಗಡ ಲೈನಿಗೆ ತೆಲುಗಿನಲ್ಲಿ ಒಂದು ಧ್ವನಿ ಸಂದೇಶ ಮಾಡಿ ಕಳಿಸಿ. ಓದು ಬಾರದ ಹಿರಿಯರಿಗೂ ಅದು ತಲುಪುತ್ತದೆ. ಒಂದು ನಿಮಿಷಕ್ಕಿಂತ ಉದ್ದ ಬೇಡ.

ಹೊರಗೆ ಬಿಡುವ ಮುಂಚೆ ಒಂದು ಪರೀಕ್ಷೆ ಇದೆ. ಘಟಕಕ್ಕೆ ಸಂಬಂಧವೇ ಇಲ್ಲದ ಒಬ್ಬರನ್ನು ಕರೆಯಿರಿ. ಎದುರು ಮನೆಯ ಅಜ್ಜಿಯಾದರೂ ಸರಿ. ಕೈಗೆ ಎರಡು ಪ್ಯಾಕೆಟ್ ಕೊಡಿ, ಒಂದು KC114, ಇನ್ನೊಂದು KC115. ಪ್ರಕಟಣೆ ಓದಿಸಿ, "ಯಾವುದನ್ನು ವಾಪಸ್ ಕೊಡ್ತೀರಿ? ಎಲ್ಲಿಗೆ ಕೊಡ್ತೀರಿ?" ಅಂತ ಕೇಳಿ. ಅವರು ತಡವರಿಸಿದ ಸಾಲನ್ನು ತಿದ್ದಿ.

ಅಂಗಡಿಯವರಿಗೆ ಬೇರೆ ಚೀಟಿ

ಜನರಿಗೆ ಬರೆದ ಪ್ರಕಟಣೆಯನ್ನೇ ಅಂಗಡಿಯವರಿಗೂ ಕಳಿಸಿದರೆ ಅವರು ಗೋಡೆಗೆ ಅಂಟಿಸಿ ಕೈ ತೊಳೆದುಕೊಳ್ಳುತ್ತಾರೆ. ಅವರಿಗೆ ನಾಲ್ಕು ಮಾತು ಪ್ರತ್ಯೇಕವಾಗಿ ಹೇಳಬೇಕು. KC114 ಪ್ಯಾಕೆಟ್ ಎಲ್ಲವನ್ನೂ ಈಗಲೇ ತೆಗೆಯಿರಿ. ಎಣಿಸಿ ನಮಗೆ ಸಂಖ್ಯೆ ಹೇಳಿ. ಒಂದು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, "ಮಾರಬೇಡಿ" ಅಂತ ಚೀಟಿ ಅಂಟಿಸಿ. ಗಿರಾಕಿ ತಂದರೆ ಹಣ ಕೊಡಿ, ನಾವು ಮುಂದಿನ ಲೈನಿನಲ್ಲಿ ಅಷ್ಟೂ ಲೆಕ್ಕ ಚುಕ್ತಾ ಮಾಡುತ್ತೇವೆ.

ಕೊನೆಯ ಮಾತು ಬರಹದಲ್ಲೇ ಇರಬೇಕು. ತನ್ನ ಕೈಯಿಂದ ಹೋದ ಹಣ ವಾಪಸ್ ಬರುತ್ತೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಅಂಗಡಿಯವರು ಗಿರಾಕಿಯನ್ನು "ಕಂಪನಿಯವರನ್ನೇ ಕೇಳಿ" ಅಂತ ಸಾಗಹಾಕುತ್ತಾರೆ. ಪ್ರಕಟಣೆಯಲ್ಲಿ ನೀವು ಕೊಟ್ಟ ಮಾತು ಅಲ್ಲಿಗೆ ಮುರಿಯಿತು.

ಫೋನ್ ಎತ್ತುವವರಿಗೂ ಒಂದು ಹಾಳೆ ಕೊಡಿ. ಅವರು ಮೊದಲು ಕೇಳಬೇಕಾದ ಪ್ರಶ್ನೆ "ಬ್ಯಾಚ್ ನಂಬರ್ ಎಷ್ಟು?" ಅಲ್ಲ. "ಯಾರಿಗಾದರೂ ಈಗ ತೊಂದರೆ ಆಗ್ತಿದೆಯಾ?" ಎಂಬುದು. ಹೌದು ಅಂದರೆ ಮಿಕ್ಕಿದ್ದೆಲ್ಲ ಆಮೇಲೆ, ಮೊದಲು 108.

ಮುಗಿಸುವ ಪ್ರಕಟಣೆ

ವಾಪಸ್ ಬಂದ ಪ್ಯಾಕೆಟ್‌ಗಳನ್ನು ಎಣಿಸಿ ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಡಿ. ಶೇಂಗಾ ಪುಡಿಗೆ ಬೆರೆಸಿಬಿಡೋಣ ಅನ್ನುವ ಆಸೆ ಬೇಡ. ಜನರ ಮನೆಯಿಂದ ಬಂದ, ಒಡೆದ ಪ್ಯಾಕೆಟ್ ಅವು. ಇಲಾಖೆಗೆ ತಿಳಿಸಿಯೇ ನಾಶ ಮಾಡಿ. ಎಲ್ಲವೂ ವಾಪಸ್ ಬರುತ್ತದೆ ಅಂತಲೂ ಅಂದುಕೊಳ್ಳಬೇಡಿ. ಪ್ಯಾಕ್ ಆಗಿ ಪ್ರಕಟಣೆ ಹೊರಡುವ ಹೊತ್ತಿಗೇ ಒಂಬತ್ತು ದಿನ ಆಗಿದೆ, ತಿಂದು ಮುಗಿಸಿದವರೇ ಬಹಳ.

ಮೊದಲ ಪ್ರಕಟಣೆಯನ್ನು ಅಳಿಸಬೇಡಿ. ಏನಾದರೂ ತಿದ್ದಿದರೆ, ಏನು ತಿದ್ದಿದೆ, ಯಾವಾಗ ತಿದ್ದಿದೆ ಅಂತ ಅದರ ಕೆಳಗೇ ಬರೆಯಿರಿ. ಅಂಗಡಿಗಳಲ್ಲಿ ಒಂದೂ ಉಳಿದಿಲ್ಲ ಅಂತ ಖಾತ್ರಿ ಆದ ಮೇಲೆ ಇನ್ನೊಂದು ಸಣ್ಣ ಪ್ರಕಟಣೆ ಕೊಡಿ. ನಮ್ಮ ಉದಾಹರಣೆಯಲ್ಲಿ ಅದು ಇಷ್ಟೇ:

> ಕೊಬ್ಬರಿ ಚಟ್ನಿಪುಡಿ, ಬ್ಯಾಚ್ KC114: 1,920 ಪ್ಯಾಕೆಟ್‌ಗಳಲ್ಲಿ 1,412 ನಮ್ಮ ಹತ್ತಿರ ಇವೆ. ಉಳಿದ 508 ಮಾರಾಟವಾಗಿವೆ. ಅಂಗಡಿಗಳಲ್ಲಿ ಈಗ ಈ ಬ್ಯಾಚ್ ಇಲ್ಲ. ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ, ಅಲರ್ಜಿ ಇರುವವರು ತಿನ್ನಬೇಡಿ. ಹಣ ವಾಪಸ್ ಕೊಡುವುದು ಮುಂದುವರಿಯುತ್ತದೆ. ಈಗ ಪುಡಿ ಬದಲಾಯಿಸುವ ಮುಂಚೆ ಹಾಪರ್ ಖಾಲಿ ಮಾಡಿ, ತೊಳೆದು, ಇಬ್ಬರು ನೋಡಿ ಸಹಿ ಹಾಕಿದ ಮೇಲೆಯೇ ಹೊಸ ರೋಲ್ ಹಾಕುತ್ತೇವೆ.